ಕಾರವಾರ–ಕುಮಟಾ ಕಡಲಂಚು: 57, 72, 92 ಕಿ.ಮೀ. ಮೂರೂ ಸರಿ

ಕಾರವಾರ–ಕುಮಟಾ ಕಡಲಂಚನ್ನು ನಕ್ಷೆಯ ಮೇಲೆ ಇನ್ನೂರು ಮೀಟರ್ ಉದ್ದದ ನೇರ ಕೋಲಿನಲ್ಲಿ ಹೆಜ್ಜೆ ಹಾಕಿ ಅಳೆದರೆ 85 ಕಿ.ಮೀ. ಬರುತ್ತದೆ ಎಂದು ಚೀಟಿಯಲ್ಲಿ ಬರೆದು, ಮಡಚಿ, ನನ್ನನ್ನು ನಂಬದ ಹಿರಿಯ ಸಹೋದ್ಯೋಗಿಯ ಕೈಗೆ ಕೊಟ್ಟೆ. ಅಳತೆ ಆಮೇಲೆ ಮಾಡಿದೆ. ಬಂದದ್ದು 86ಕ್ಕೆ ಒಂದಿಷ್ಟು ಕಡಿಮೆ. ಎರಡು ವರ್ಷದಿಂದ "ನಿಮ್ಮ ನಕ್ಷೆಯಲ್ಲೇ ದೋಷ ಇದೆ, ಅದಕ್ಕೇ ಪ್ರತಿ ಸಲ ಬೇರೆ ಉದ್ದ ಬರ್ತಿದೆ ಕಣ್ರೀ" ಎನ್ನುತ್ತಿದ್ದವರು ಅವತ್ತು ಚೀಟಿಯನ್ನು ಎರಡು ಸಲ ಓದಿದರು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಿಡಿದ ಭಾಗ ಕಾಳಿ ಅಳಿವೆಯ ದಕ್ಷಿಣ ದಂಡೆಯಿಂದ ಗಂಗಾವಳಿ, ಅಘನಾಶಿನಿ ನದಿಗಳ ಬಾಯಿ ದಾಟಿ ಕುಮಟಾದ ಕಡಲತೀರದವರೆಗೆ. ಕಾಗೆ ಹಾರಿದ ಹಾಗೆ ಹೋದರೆ ಸುಮಾರು 54 ಕಿ.ಮೀ. ಹತ್ತು ಕಿ.ಮೀ. ಕೋಲಿನಲ್ಲಿ ಹೆಜ್ಜೆ ಹಾಕಿದರೆ 57, ಒಂದು ಕಿ.ಮೀ. ಕೋಲಿನಲ್ಲಿ 72, ನೂರು ಮೀಟರಿನಲ್ಲಿ 92ರ ಆಸುಪಾಸು. ಕೋಲು ಹತ್ತು ಪಟ್ಟು ಚಿಕ್ಕದಾದಾಗಲೆಲ್ಲ ಉದ್ದ ಕಾಲು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಒಂದು ಕಿ.ಮೀ. ಕೋಲು ಬೇಲೇಕೇರಿಯಂಥ ಕೊಲ್ಲಿಯನ್ನು ನೋಡುತ್ತದೆ, ಗೋಕರ್ಣದ ಕುಡ್ಲೆಯ ಬಾಗನ್ನು ಹಾರಿಬಿಡುತ್ತದೆ. ಚಿಕ್ಕದು ಕುಡ್ಲೆಯೊಳಗೆ ಇಳಿಯುತ್ತದೆ, ಇನ್ನೂ ಚಿಕ್ಕದು ಬಂಡೆಯ ಸಂದಿಗೆ ನುಗ್ಗುತ್ತದೆ. ಉದ್ದವನ್ನೂ ಕೋಲನ್ನೂ ಲಾಗ್ ಕಾಗದದಲ್ಲಿ ಹಾಕಿದರೆ ಗೆರೆ ನೇರ. ಅದರ ಇಳಿಜಾರಿನಿಂದ ಸಿಕ್ಕ D, ಅಂದರೆ ಅಂಚು ಎಷ್ಟು ಸುಕ್ಕು ಎಂದು ಹೇಳುವ ಫ್ರ್ಯಾಕ್ಟಲ್ ಆಯಾಮ, ಸುಮಾರು 1.10; ನೇರ ಗೆರೆಗೆ ಅದು 1. ಕರಾವಳಿಗಳನ್ನು ಹೀಗೇ ಅಳೆದಿದ್ದ ರಿಚರ್ಡ್‌ಸನ್ನರ ಲೆಕ್ಕ ಇಟ್ಟುಕೊಂಡು ಗಣಿತಜ್ಞ ಮ್ಯಾಂಡೆಲ್‌ಬ್ರಾ 1967ರಲ್ಲಿ ಬ್ರಿಟನ್ನಿನ ಪಶ್ಚಿಮ ಅಂಚಿಗೆ 1.25, ದಕ್ಷಿಣ ಆಫ್ರಿಕಾಕ್ಕೆ 1.02 ಎಂದಿದ್ದರು. ನಮ್ಮದು ಎರಡರ ನಡುವೆ ಕೂರುತ್ತದೆ. ಇಲ್ಲಿ ಕಡಲಿಗೆ ಚಾಚಿದ ಗುಡ್ಡದ ಮೂಗುಗಳನ್ನು ಕಂಡವರಿಗೆ ಇದು ಒಪ್ಪುವ ಮಾತು.

ಇಷ್ಟಕ್ಕೆ ಬರುವ ಮೊದಲು ಕಳೆದುಕೊಂಡದ್ದು ಬಹಳ. ಮೊದಲ ವರ್ಷ ಪೂರ್ತಿ ಒಂದೇ ತಪ್ಪಿನಲ್ಲಿ ಹೋಯಿತು. ಸೆಂಟಿನೆಲ್-2 ಉಪಗ್ರಹದ ಹತ್ತು ಮೀಟರ್ ಪಿಕ್ಸೆಲ್ಲಿನ ಚಿತ್ರದಿಂದ ನೀರು–ನೆಲ ಬೇರೆ ಮಾಡಿ, ಆ ಪಿಕ್ಸೆಲ್ ಚಿತ್ರವನ್ನು ಅಂಚುಗೆರೆಯ ಪಾಲಿಗಾನ್ ಮಾಡಿ, ಅಂಚಿನ ಉದ್ದ ಓದಿದೆ. 150 ಕಿ.ಮೀ. ಹತ್ತಿರ ಬಂತು. ಹಿಗ್ಗಿಹೋದೆ, ನಾಲ್ಕು ಜನಕ್ಕೆ ತೋರಿಸಿದೆ. ಅದು ಕಡಲಂಚಲ್ಲ, ಮೆಟ್ಟಿಲು. ಪಿಕ್ಸೆಲ್ಲಿನ ಅಂಚು ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ ಬಿಟ್ಟು ಬೇರೆ ದಿಕ್ಕಿಗೆ ಹೋಗುವುದಿಲ್ಲ. ಕಾರವಾರದ ಕರಾವಳಿ ಓರೆಯಾಗಿ ಆಗ್ನೇಯಕ್ಕೆ ಇಳಿಯುತ್ತದೆ. ಉತ್ತರದಿಂದ 35 ಡಿಗ್ರಿ ಓರೆ ಇರುವ ನೇರ ಗೆರೆಯನ್ನು ಮೆಟ್ಟಿಲಿನಲ್ಲಿ ಬರೆದರೆ ಅದರ ಉದ್ದ 1.39 ಪಟ್ಟು ಆಗುತ್ತದೆ. 45 ಡಿಗ್ರಿಯಾದರೆ 1.41.

ಇದು ಗೊತ್ತಾದದ್ದು ಉಡುಪಿ ಕಡೆಯ ಮರಳಿನಿಂದ. ಮಲ್ಪೆಯಿಂದ ಮೂಲ್ಕಿಯವರೆಗೆ, ಅಳಿವೆಗಳನ್ನು ಗೆರೆ ಎಳೆದು ಮುಚ್ಚಿದರೆ, ನೇರ ದೂರವೂ ಕಡಲಂಚೂ 32–33 ಕಿ.ಮೀ. ಕಾಪುವಿನ ಬಂಡೆ ಬಿಟ್ಟರೆ ಅಲ್ಲಿ ಸುಕ್ಕೇ ಇಲ್ಲ. ನನ್ನ ಪಾಲಿಗಾನ್ ಮಾತ್ರ 39 ತೋರಿಸಿತು. ಪಿಕ್ಸೆಲನ್ನು 20 ಮೀಟರ್ ಮಾಡಿದೆ, 39. 40 ಮಾಡಿದೆ, ಆಗಲೂ 39. ಅಳತೆಗೋಲು ಬದಲಾದರೂ ಬದಲಾಗದೆ, ನಿಜಕ್ಕಿಂತ ಯಾವಾಗಲೂ ಒಂದೇ ಪಟ್ಟು ಹೆಚ್ಚಿರುವ ಉದ್ದ ಕಂಡರೆ ಅದು ಮೆಟ್ಟಿಲೇ. ಈಗ ಯಾವ ಊರಿನ ಅಂಚು ಅಳೆದರೂ ಮೊದಲು ಹೀಗೊಂದು ನೇರ ಮರಳು ಹುಡುಕಿ ಪರೀಕ್ಷೆ ಮಾಡುತ್ತೇನೆ. ಅಂಚನ್ನು ಪಿಕ್ಸೆಲ್ಲಿನಿಂದ ತೆಗೆಯದೆ ಪ್ರತಿ ಪಿಕ್ಸೆಲ್ಲು ಎಷ್ಟು ನೀರಿನಂತಿದೆ ಎಂದು ಹೇಳುವ ಸೂಚ್ಯಂಕದ ಮೇಲೆ, ಒಂದೇ ಬೆಲೆಯ ಬಿಂದುಗಳನ್ನು ಸೇರಿಸುವ ಸಮರೇಖೆ ಎಳೆದು ತೆಗೆಯುತ್ತೇನೆ. ಕೋಲನ್ನು ಎಂದೂ ಪಿಕ್ಸೆಲ್ಲಿನ ಹತ್ತು ಪಟ್ಟಿಗಿಂತ ಚಿಕ್ಕದು ಮಾಡುವುದಿಲ್ಲ. ಸಮರೇಖೆಗೆ ಯಾವ ಬೆಲೆ ಇಡುತ್ತೇನೆ ಎನ್ನುವುದು ನನ್ನಲ್ಲೇ ಇರಲಿ, ಅದಕ್ಕೆ ಮೂರು ತಿಂಗಳು ತಗುಲಿದೆ.

ಎರಡನೇ ಪೆಟ್ಟು ಅಘನಾಶಿನಿಯದು. ಅದರ ಬಾಯಿ ಕಿರಿದು, ಒಳಗೆ ಹರವು ದೊಡ್ಡದು. ಒಂದು ಕಿ.ಮೀ. ಡಿವೈಡರು ಹಿಡಿದ ಮನುಷ್ಯ ತದಡಿಯ ಹತ್ತಿರ ಬಾಯಿಯನ್ನು ಒಂದೇ ಹೆಜ್ಜೆಗೆ ದಾಟುತ್ತಾನೆ. ನನ್ನ ಕೋಡ್ ಗೆರೆಯ ಗುಂಟ ಹೋಗಿ, ಒಂದು ಕಿ.ಮೀ. ದೂರವಾದ ಮೊದಲ ಬಿಂದುವನ್ನೇ ಹಿಡಿಯುತ್ತಿತ್ತು. ಹಾಗಾಗಿ ನದಿಯೊಳಗೆ ಹೊಕ್ಕು, ಉಪ್ಪುನೀರಿನ ಗಜನಿ ಗದ್ದೆಗಳ ತನಕ ಸುತ್ತಿ ಬರುತ್ತಿತ್ತು. ಲಾಗ್ ಕಾಗದದಲ್ಲಿ ಆ ಒಂದು ಬಿಂದು ಗೂಟದ ಹಾಗೆ ಎದ್ದು ನಿಂತಿತ್ತು. ಮೊದಲ ಬಿಂದುವಿನ ಬದಲು ಕೋಲಿನಳತೆಯೊಳಗಿನ ಕೊನೆಯ ಬಿಂದು ಹಿಡಿದ ಮೇಲೆ ಸರಿಹೋಯಿತು:

```python
def step(pts, i, r):
    near = [j for j in range(i + 1, len(pts))
            if dist(pts[i], pts[j]) <= r]
    return max(near)
```

ಬಿಂದುಗಳನ್ನು ಮೊದಲೇ ಕೋಲಿನ ಇಪ್ಪತ್ತನೇ ಒಂದರಷ್ಟು ಒತ್ತಾಗಿ ಹಾಕಿಕೊಳ್ಳಿ, ಮೀಟರ್ ಲೆಕ್ಕದ ನಕ್ಷಾ ಪ್ರಕ್ಷೇಪವಾದ EPSG:32643ರಲ್ಲೇ ಅಳೆಯಿರಿ. ಕೊನೆಯಲ್ಲಿ ಉಳಿಯುವ ತುಂಡನ್ನು ಬಿಡಬೇಡಿ, ಅದರ ಉದ್ದವನ್ನು ಹಾಗೇ ಕೂಡಿಸಿ. ಒಂದೇ ಆರಂಭದಿಂದ ಹೊರಟರೆ ಹತ್ತು ಕಿ.ಮೀ. ಕೋಲಿನಲ್ಲಿ ಎರಡು ಮೂರು ಕಿ.ಮೀ. ಆಚೀಚೆ ಆಗುತ್ತದೆ. ನಾನು ಐವತ್ತು ಆರಂಭಗಳ ಸರಾಸರಿ ತೆಗೆಯುತ್ತೇನೆ.

ದುಡ್ಡಿನ ವಿಷಯ. ಇನ್ನೂ ಚಿಕ್ಕ ಕೋಲಿಗೆ ಹೋಗಬೇಕೆಂಬ ಆಸೆಗೆ ಅರ್ಧ ಮೀಟರ್ ಚಿತ್ರ ಕೊಂಡೆ, ನಲವತ್ತು ಸಾವಿರದ ಹತ್ತಿರ ಹೋಯಿತು. ಪೂರಾ ದಂಡ. ಅಲ್ಲಿ ದೊಡ್ಡ ಉಬ್ಬರದ ದಿನ ನೀರು ಸುಮಾರು ಎರಡು ಮೀಟರ್ ಏರಿಳಿಯುತ್ತದೆ, ಇಳಿಜಾರು ಕಡಿಮೆಯಿರುವ ಮರಳಿನ ಮೇಲೆ ಅಂಚು ಹತ್ತಾರು ಮೀಟರ್ ಸರಿಯುತ್ತದೆ. ಮೂವತ್ತು ಮೀಟರಿನ ಕೆಳಗಿನ ಕೋಲಿನಲ್ಲಿ ನಾನು ಅಳೆಯುತ್ತಿದ್ದದ್ದು ತೀರವನ್ನಲ್ಲ, ಆ ಗಳಿಗೆಯ ಉಬ್ಬರವನ್ನು. ಉಚಿತ ಚಿತ್ರಗಳಲ್ಲೇ ಒಂದೇ ಮಟ್ಟದ ಉಬ್ಬರದ ದಿನಗಳನ್ನು ಆರಿಸಿ ಜೋಡಿಸಿದ್ದು ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು.

ಆ ಸಿಟ್ಟಿಗೇ ಒಂದು ದಿನ ಓಂ ಬೀಚಿನ ಬಂಡೆಗೆ ಬಿದಿರು ಹಿಡಿದು ಹೋದೆ, ಜೊತೆಗೆ ಅಣ್ಣನ ಮಗ. ನಲವತ್ತು ಮೀಟರ್ ಬಂಡೆಯ ತುದಿ. ಐದು ಮೀಟರ್ ಬಿದಿರಿನಲ್ಲಿ ಅರವತ್ತು ಬಂತು, ಒಂದು ಮೀಟರ್ ಕೋಲಿನಲ್ಲಿ ತೊಂಬತ್ತು. ಪಕ್ಕದ ಮರಳಿನಲ್ಲಿ ಎರಡೂ ಕೋಲಿಗೆ ಒಂದೇ ಉದ್ದ. "ಚಿಕ್ಕಪ್ಪ, ಮೊದಲು ಇಟ್ಟ ಗುರುತು ಮುಳುಗಿತು" ಎಂದ ಹುಡುಗ. ಅರ್ಧ ಮೀಟರ್ ಕೋಲಿಗೆ ಹೋಗಲು ನೀರು ಬಿಡಲಿಲ್ಲ. ಒಂದೇ ತೀರದಲ್ಲಿ ಬಂಡೆ ಬ್ರಿಟನ್ನಿನ ಪಶ್ಚಿಮ ಅಂಚಿನಂತೆ, ಮರಳು ಗೆರೆಯಂತೆ ವರ್ತಿಸುತ್ತದೆ. ಹಾಗಾದರೆ ನನ್ನ 1.10 ಇಡೀ ತೀರದ ಗುಣವಲ್ಲ, ಎರಡರ ಮಿಶ್ರಣ. ಮುಂದೆ ಬಂಡೆ ಮತ್ತು ಮರಳನ್ನು ಬೇರೆ ಬೇರೆ ಅಳೆಯಬೇಕು.

ಇನ್ನೊಂದು ಮಾತು, 92 ಎನ್ನುವುದು ಅಳಿವೆಗಳನ್ನು ಗೆರೆಯಿಂದ ಮುಚ್ಚಿದ ಅಳತೆ. ಗಂಗಾವಳಿ, ಅಘನಾಶಿನಿಗಳ ಬಾಯಿ ನೂರು ಮೀಟರಿಗಿಂತ ಅಗಲ, ತೆರೆದಿಟ್ಟರೆ ಕೋಲು ಒಳಗೆ ಹೋಗುತ್ತದೆ. ಆಗ ಅದೇ ನೂರು ಮೀಟರಿಗೆ 150 ದಾಟುತ್ತದೆ. ಸರಕಾರಿ ಲೆಕ್ಕದಲ್ಲಿ ಭಾರತದ ಕರಾವಳಿ 7,516 ಕಿ.ಮೀ.ಯಿಂದ 11,098 ಆದಾಗ ನನ್ನ ಗೆಳೆಯರು ನೆಲ ಎಲ್ಲಿಂದ ಬಂತು ಎಂದು ಕೇಳಿದ್ದರು. ನೆಲ ಬಂದಿಲ್ಲ. 1970ರ ದಶಕದ ಅಳತೆ 1:45,00,000 ನಕ್ಷೆಯದು, ಹೊಸದು 1:2,50,000 ನಕ್ಷೆಯದು. ಅಳಿವೆ, ಕೊಲ್ಲಿ, ಹಿನ್ನೀರುಗಳೂ ಲೆಕ್ಕಕ್ಕೆ ಬಂದವು. ಕರ್ನಾಟಕ 280ರಿಂದ 343ಕ್ಕೆ ಏರಿತು, ಸುಂದರಬನದ ಕವಲು ಹೊಳೆಗಳಿರುವ ಪಶ್ಚಿಮ ಬಂಗಾಳ 157ರಿಂದ 721ಕ್ಕೆ.

ಈ ಮಳೆ ನಿಂತ ಮೇಲೆ ಶರಾವತಿ ಅಳಿವೆಯನ್ನು ತೆರೆದೂ ಮುಚ್ಚಿಯೂ ಅಳೆಯುತ್ತೇನೆ. ಎರಡಕ್ಕೂ ಚೀಟಿ ಬರೆದಿಟ್ಟಾಗಿದೆ.