ಭಾಮಿನಿ ಷಟ್ಪದಿ ಓದುವಾಗ ಉಸಿರು ಎಲ್ಲಿ ತಗೋಬೇಕು

ಷಟ್ಪದಿ ಓದೋವಾಗ ಸಾಲು ಮುಗಿದಲ್ಲಿ ಉಸಿರು ತಗೋಬೇಡಿ, ಪದ ಮುಗಿದು ಅರ್ಥ ನಿಲ್ಲೋ ಕಡೆ ತಗೊಳ್ಳಿ, ಮೊದಲೇ ಪೆನ್ಸಿಲ್‌ನಲ್ಲಿ ಗೆರೆ ಹಾಕಿಟ್ಕೊಳ್ಳಿ. ಭಾಮಿನಿಯಲ್ಲಿ ಸಾಲಿನ ಕೊನೇಲಿ ಪದ ಒಡೆದು ಮುಂದಿನ ಸಾಲಿಗೆ ಹೋಗೋದು ತುಂಬಾ ಮಾಮೂಲು, ಕುಮಾರವ್ಯಾಸ ಭಾರತದ ಮೊದಲ ಪದ್ಯನೇ ನೋಡಿ, "ಶ್ರೀವನಿತೆಯರಸನೆ ವಿಮಲರಾ" ಅಂತ ನಿಲ್ಸಿ "ಜೀವಪೀಠನ ಪಿತನೆ" ಅಂದ್ರೆ ರಾಜೀವ, ಅಂದ್ರೆ ತಾವರೆ, ಎರಡು ತುಂಡಾಗಿ ಕೇಳೋರಿಗೆ ಏನೂ ಸಿಗಲ್ಲ. ಅದಕ್ಕೇ "ಅರಸನೆ" ಆದ್ಮೇಲೆ ಒಂಚೂರು ಉಸಿರು, "ಪಿತನೆ" ಆದ್ಮೇಲೆ ಇನ್ನೊಂದು, "ಜಗಕತಿಪಾವನನೆ" ಸೇರಿಸಿಯೇ ಓದಿ ಅಲ್ಲಿ ಚೆನ್ನಾಗಿ ತುಂಬ್ಕೊಳ್ಳಿ, ಯಾಕಂದ್ರೆ "ಸನಕಾದಿ ಸಜ್ಜನನಿಕರ ದಾತಾರ" ಒಂದೇ ಎಳೆಯಲ್ಲಿ ಬರಬೇಕು. 3 ಮತ್ತು 6ನೇ ಸಾಲು 23 ಮಾತ್ರೆ, ಮಿಕ್ಕಿದ್ದು 14, ಹಾಗಾಗಿ ಉದ್ದ ಸಾಲಿನೊಳಗೇ ಉಸಿರು ಸಾಲದೆ ಕೊನೇ ಅಕ್ಷರ ನುಂಗಿಹೋಗೋದು. ಉಸಿರು ಪೂರ್ತಿ ಖಾಲಿಯಾಗೋಕೆ ಮುಂಚೆನೇ ತಗೊಳ್ಳಿ, ಹೊಟ್ಟೆ, ಪಕ್ಕೆ ಅರಳಬೇಕು, ಭುಜ ಮೇಲೆ ಹೋದ್ರೆ ಅದು ಎದೆ ಮೇಲಿನ ಉಸಿರು, ಬೇಗ ಮುಗಿಯುತ್ತೆ, ಗಂಟಲೂ ಬಿಗಿಯುತ್ತೆ. ಗುಂಪಲ್ಲಿ ತಾಳಕ್ಕೆ ಹಾಡೋವಾಗ ಮಾತ್ರ ಇದು ನಡೆಯಲ್ಲ, ತಾಳ ನಿಮಗೋಸ್ಕರ ಕಾಯಲ್ಲ, ಆಗ ಒಬ್ಬೊಬ್ಬರು ಒಂದೊಂದು ಕಡೆ ಉಸಿರು ತಗೊಂಡ್ರೆ ಪದ ಒಡೆಯಲ್ಲ. ರಾಗ ಜಾಸ್ತಿ ಎಳೆದ್ರೂ ಈ ಗುರುತು ಸಾಲಲ್ಲ, ಎಳೆಯೋದನ್ನ "ದಾತಾರ" ಥರ ಅರ್ಥ ಮುಗಿಯೋ ಜಾಗಕ್ಕೆ ಇಟ್ಕೊಳ್ಳಿ.