ಒಂದು ಪೋರ್ಟ್ ನಿಧಾನ, ಇಡೀ ಮಹಡಿಯೇ ನಿಧಾನ: ಫ್ಲೋ ಕಂಟ್ರೋಲ್ ಕಾಟ ಪತ್ತೆ ಹಚ್ಚುವುದು ಹೇಗೆ?

ಶಿವಮೊಗ್ಗದಲ್ಲಿ ಸ್ನೇಹಿತರೊಬ್ಬರ ಫೋಟೊ ಸ್ಟುಡಿಯೊ ಇದೆ. ಕೆಳಗಡೆ ಒಂದು ಲಿನಕ್ಸ್ ಸರ್ವರ್, ಮದುವೆ ಫೋಟೊಗಳೆಲ್ಲ ಅದರಲ್ಲೇ. ಮೇಲಿನ ಮಹಡಿಯಲ್ಲಿ ಆಲ್ಬಂ ಡಿಸೈನ್ ಮಾಡುವ ನಾಲ್ಕು ಕಂಪ್ಯೂಟರ್, ಜೊತೆಗೆ ಬ್ಯಾಕಪ್‌ಗೆಂದು ಇಟ್ಟ ಹಳೇ ಕಂಪ್ಯೂಟರ್ ಒಂದು. ಎರಡೂ ಮಹಡಿಯಲ್ಲಿ ಒಂದೊಂದು ಗಿಗಾಬಿಟ್ ಸ್ವಿಚ್, ಅವೆರಡರ ನಡುವೆ ಒಂದೇ ಒಂದು ಕೇಬಲ್. ಆ ಕೇಬಲ್ಲೇ ಅಪ್‌ಲಿಂಕ್.

ಮಧ್ಯಾಹ್ನ ಮೂರಕ್ಕೆ ಬ್ಯಾಕಪ್ ಶುರುವಾದರೆ ಸಾಕು, ಮೇಲಿನ ನಾಲ್ಕೂ ಕಂಪ್ಯೂಟರ್ ತೆವಳುತ್ತಿದ್ದವು. ಸೆಕೆಂಡಿಗೆ 110 ಎಂಬಿ ಬರುತ್ತಿದ್ದ ಫೈಲ್ 10–12 ಎಂಬಿಗೆ ಇಳಿಯುತ್ತಿತ್ತು. ರೂಟರ್ ಬದಲಾಯಿಸಿದರು, ಇಂಟರ್ನೆಟ್ ಪ್ಲಾನ್ ಏರಿಸಿದರು, ಏನೂ ಆಗಲಿಲ್ಲ. ಆಗುವುದೂ ಇಲ್ಲ, ಯಾಕಂದ್ರೆ ತೊಂದರೆ ಇದ್ದದ್ದು ಕಟ್ಟಡದ ಒಳಗೇ.

ನಿಮ್ಮಲ್ಲೂ ಹೀಗೇ ಆಗುತ್ತಿದ್ದರೆ ಮೊದಲು ಪಿಂಗ್ ಮಾಡಿ. ಬ್ಯಾಕಪ್ ಓಡುತ್ತಿರುವಾಗ ಸರ್ವರ್‌ನಿಂದ ಮೇಲಿನ ಒಂದು ಕಂಪ್ಯೂಟರಿಗೆ ಪಿಂಗ್ ಕಳಿಸಿ, ಆಮೇಲೆ ಮೇಲಿನ ಎರಡು ಕಂಪ್ಯೂಟರ್‌ಗಳ ನಡುವೆ ಕಳಿಸಿ. ಸ್ಟುಡಿಯೊದಲ್ಲಿ ಸರ್ವರ್‌ನಿಂದ ಕಳಿಸಿದ್ದು 20–30 ಮಿಲಿಸೆಕೆಂಡ್ ತೆಗೆದುಕೊಂಡಿತು. ಮೇಲ್ಮಹಡಿಯ ಒಳಗಿನದ್ದು 1 ಮಿಲಿಸೆಕೆಂಡಿಗಿಂತ ಕಡಿಮೆ. ಇನ್ನೊಂದು ಮುಖ್ಯ ಸುಳಿವು: ಒಂದು ಪ್ಯಾಕೆಟ್ಟೂ ಕಳೆದುಹೋಗಿರಲಿಲ್ಲ. ನೆಟ್‌ವರ್ಕ್ ಇಷ್ಟು ನಿಧಾನ ಇದ್ದೂ ಪ್ಯಾಕೆಟ್ ಲಾಸ್ ಸೊನ್ನೆ ಅಂದರೆ ಯಾರೋ "ತಡಿ, ತಡಿ" ಅನ್ನುತ್ತಿದ್ದಾರೆ ಎಂದೇ ಅನುಮಾನ ಪಡಬೇಕು.

ಹಾಗೆ ತಡೆಯುವುದೇ ಪಾಝ್ ಫ್ರೇಮ್, ಈ ವ್ಯವಸ್ಥೆಗೇ ಫ್ಲೋ ಕಂಟ್ರೋಲ್ ಅನ್ನುವುದು. 1997ರ ಐಇಇಇ 802.3ಎಕ್ಸ್ ಎಂಬ ನಿಯಮದಲ್ಲಿ ಇದು ಬಂತು. ಒಂದು ಸ್ವಿಚ್ಚಿನ ಬಫರ್, ಅಂದರೆ ಪ್ಯಾಕೆಟ್‌ಗಳು ಸರದಿ ಕಾಯುವ ಜಾಗ, ತುಂಬುತ್ತಾ ಬಂದರೆ, ಅದು ಕೇಬಲ್ಲಿನ ಆ ಕಡೆಯವರಿಗೆ ಪುಟ್ಟ ಫ್ರೇಮ್ ಕಳಿಸಿ ಇಷ್ಟು ಹೊತ್ತು ಏನೂ ಕಳಿಸಬೇಡ ಅನ್ನುತ್ತದೆ. ಗಿಗಾಬಿಟ್ ಲಿಂಕಿನಲ್ಲಿ ಒಂದು ಫ್ರೇಮ್ ಹೆಚ್ಚೆಂದರೆ ಸುಮಾರು 33 ಮಿಲಿಸೆಕೆಂಡ್ ತಡೆಯಬಹುದು. ಅಷ್ಟರೊಳಗೆ ಇನ್ನೊಂದು ಕಳಿಸಿದರೆ ಮತ್ತೆ ಅಷ್ಟು ಹೊತ್ತು. ಜಾಗ ಖಾಲಿಯಾದರೆ ಸೊನ್ನೆ ಸಮಯದ ಪಾಝ್ ಕಳಿಸಿ "ಈಗ ಕಳಿಸು" ಅಂತಲೂ ಹೇಳಬಹುದು.

ಕೇಳಲು ಚೆನ್ನಾಗೇ ಇದೆ, ಅಲ್ವಾ? ತೊಂದರೆ ಏನೆಂದರೆ ಈ ಮಾತು ಇಡೀ ಕೇಬಲ್ಲಿಗೆ ಅನ್ವಯಿಸುತ್ತದೆ. ಹಳೇ ಕಂಪ್ಯೂಟರಿಗೆ ಹೋಗುವುದನ್ನು ಮಾತ್ರ ನಿಲ್ಲಿಸು ಅಂತ ಹೇಳಲು ಅದಕ್ಕೆ ಬರುವುದಿಲ್ಲ. ಸಂತೆ ಬೀದಿಯಲ್ಲಿ ಒಂದು ಅಂಗಡಿಯ ಗೋಡೌನ್ ತುಂಬಿದೆ ಅಂತ ಊರ ಬಾಗಿಲಲ್ಲೇ ಎಲ್ಲ ಲಾರಿ ನಿಲ್ಲಿಸಿದ ಹಾಗೆ.

ಸ್ಟುಡಿಯೊದಲ್ಲಿ ಆಗುತ್ತಿದ್ದದ್ದು ಹೀಗೆ. ಹಳೇ ಕಂಪ್ಯೂಟರಿನ ಪೋರ್ಟ್ 100 ಎಂಬಿಪಿಎಸ್ ವೇಗದಲ್ಲಿ ಕೂತಿತ್ತು, ಸರ್ವರ್ 1000ದಲ್ಲಿ ಕಳಿಸುತ್ತಿತ್ತು. ಮೇಲಿನ ಸ್ವಿಚ್ಚಿನ ಬಫರ್ ಕ್ಷಣದಲ್ಲಿ ತುಂಬಿತು, ಅದು ಅಪ್‌ಲಿಂಕಿಗೆ ಪಾಝ್ ಕಳಿಸಿತು, ನಾಲ್ಕೂ ಡಿಸೈನರ್‌ಗಳ ಫೈಲು ಕೆಳಗಡೆಯೇ ನಿಂತವು. ಅಷ್ಟಕ್ಕೇ ಮುಗಿಯಲಿಲ್ಲ. ಈಗ ಕೆಳಗಿನ ಸ್ವಿಚ್ಚಿನ ಬಫರ್ ತುಂಬಿ, ಅದು ಸರ್ವರಿಗೇ ಪಾಝ್ ಕಳಿಸಲು ಶುರುಮಾಡಿತು. ಹಾಗಾಗಿ ಕೆಳಗೆ ಸರ್ವರ್ ಪಕ್ಕದಲ್ಲೇ ಇದ್ದ ಬಿಲ್ಲಿಂಗ್ ಕಂಪ್ಯೂಟರ್ ಕೂಡ ಆಗಾಗ ಒದ್ದಾಡುತ್ತಿತ್ತು. ಪ್ಯಾಕೆಟ್ ಕಳೆದುಹೋಗಿದ್ದರೆ, ಫೈಲ್ ಸಾಗಿಸುವ ನಿಯಮವಾದ ಟಿಸಿಪಿ ತಾನಾಗಿ ಬ್ಯಾಕಪ್ಪಿನ ವೇಗ ತಗ್ಗಿಸುತ್ತಿತ್ತು. ಏನೂ ಕಳೆಯದೇ ಇದ್ದುದರಿಂದ ಅದಕ್ಕೆ ದಟ್ಟಣೆ ಗೊತ್ತಾಗಲೇ ಇಲ್ಲ, ತುಂಬುತ್ತಲೇ ಹೋಯಿತು.

ಇದನ್ನು ಖಚಿತ ಮಾಡಿಕೊಳ್ಳಲು ಸರ್ವರ್‌ನಲ್ಲಿ ಈ ಎರಡು ಕಮಾಂಡ್ ಕೊಡಿ. `eth0` ಇದ್ದ ಕಡೆ ನಿಮ್ಮ ಪೋರ್ಟಿನ ಹೆಸರು ಹಾಕಿ.

```
ethtool -a eth0
ethtool -S eth0 | grep -iE 'pause|flow'
```

ಮೊದಲನೆಯದು ಫ್ಲೋ ಕಂಟ್ರೋಲ್ ಆನ್ ಇದೆಯೋ ಇಲ್ಲವೋ ತೋರಿಸುತ್ತದೆ. ಎರಡನೆಯದನ್ನು ಬ್ಯಾಕಪ್ ಓಡುವಾಗ ಹತ್ತು ಸೆಕೆಂಡ್ ಬಿಟ್ಟು ಎರಡು ಸಲ ಕೊಡಿ. ಇಂಟೆಲ್ ಕಾರ್ಡುಗಳಲ್ಲಿ `rx_flow_control_xoff` ಎಂಬ ಸಾಲು ಕಾಣುತ್ತದೆ. ಆ ಸಂಖ್ಯೆ ಏರುತ್ತಿದ್ದರೆ ಸರ್ವರಿಗೆ ಪಾಝ್ ಬರುತ್ತಿದೆ ಎಂದರ್ಥ. ಕೆಲವು ಅಗ್ಗದ ಕಾರ್ಡುಗಳು ಈ ಲೆಕ್ಕ ತೋರಿಸುವುದಿಲ್ಲ, ಆಗ ಸ್ವಿಚ್ಚಿನ ಸೆಟ್ಟಿಂಗ್ ಪುಟವನ್ನು ಬ್ರೌಸರ್‌ನಲ್ಲಿ ತೆರೆದು ಅಲ್ಲೇ ನೋಡಬೇಕು. ವೈರ್‌ಶಾರ್ಕ್ ಹಾಕಿ ಹುಡುಕಲು ಹೋಗಬೇಡಿ. ಪಾಝ್ ಫ್ರೇಮನ್ನು ಸಾಮಾನ್ಯವಾಗಿ ಕಾರ್ಡೇ ನುಂಗಿಬಿಡುತ್ತದೆ, ಕಂಪ್ಯೂಟರಿನವರೆಗೆ ಬರುವುದೇ ಇಲ್ಲ. ನಾನೂ ಒಂದು ಸಂಜೆ ಪೂರ್ತಿ ಹಾಗೆ ಹುಡುಕಿ ಸೋತಿದ್ದೇನೆ.

ಇನ್ನು ಫ್ಲೋ ಕಂಟ್ರೋಲ್ ಆಫ್ ಮಾಡುವುದು. ಎಲ್ಲಿ ಆಫ್ ಮಾಡುತ್ತೀರಿ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ, ಹೆಚ್ಚಿನವರು ತಪ್ಪುವುದೂ ಇಲ್ಲೇ. ನಿಧಾನದ ಕಂಪ್ಯೂಟರಿನಲ್ಲಿ ಆಫ್ ಮಾಡಿದರೆ ಉಪಯೋಗವಿಲ್ಲ, ಏಕೆಂದರೆ ಪಾಝ್ ಕಳಿಸುತ್ತಿರುವುದು ಅದಲ್ಲ, ಅದರ ಮುಂದಿನ ಸ್ವಿಚ್. ಸರ್ವರಿನಲ್ಲಿ ಮಾತ್ರ ಆಫ್ ಮಾಡಿದರೆ ಬಿಲ್ಲಿಂಗ್ ಕಂಪ್ಯೂಟರ್ ಸರಿಹೋಗುತ್ತದೆ, ಮೇಲ್ಮಹಡಿ ಹಾಗೇ ಇರುತ್ತದೆ. ಆಫ್ ಆಗಬೇಕಾದದ್ದು ಅಪ್‌ಲಿಂಕಿನಲ್ಲಿ.

ಒಳ್ಳೆಯ ಸುದ್ದಿ ಏನೆಂದರೆ ಒಂದು ತುದಿಯಲ್ಲಿ ಮಾಡಿದರೂ ಸಾಕು. ಕೇಬಲ್ ಹಾಕಿದ ಕೂಡಲೇ ಎರಡೂ ಕಡೆಯವರು ಆಟೊ ನೆಗೋಶಿಯೇಶನ್‌ನಲ್ಲಿ ಮಾತಾಡಿಕೊಳ್ಳುತ್ತಾರೆ, ಒಬ್ಬರು ಪಾಝ್ ಬೇಡ ಅಂದರೆ ಇನ್ನೊಬ್ಬರು ಬಳಸುವುದಿಲ್ಲ. ಸ್ಟುಡಿಯೊದಲ್ಲಿ ಮೇಲಿನದು ಯಾವ ಸೆಟ್ಟಿಂಗೂ ಇಲ್ಲದ ಸಾದಾ ಸ್ವಿಚ್, ಕೆಳಗಿನದು ಬ್ರೌಸರ್‌ನಲ್ಲಿ ತೆರೆಯುವ ಸ್ಮಾರ್ಟ್ ಸ್ವಿಚ್. ಅದರ ಪೋರ್ಟ್ ಸೆಟ್ಟಿಂಗ್ ಪುಟಕ್ಕೆ ಹೋಗಿ, ಅಪ್‌ಲಿಂಕ್ ಪೋರ್ಟಿನ ಎದುರು `Flow Control` ಅನ್ನು `Off` ಮಾಡಿದೆವು. ಲಿಂಕ್ ಒಂದೆರಡು ಸೆಕೆಂಡ್ ಕಡಿದು ಬರುತ್ತದೆ, ಫೈಲ್ ಸೇವ್ ಮಾಡಿಕೊಂಡೇ ಮಾಡಿ. ಎರಡೂ ಸಾದಾ ಸ್ವಿಚ್ ಆಗಿದ್ದರೆ ಒಂದನ್ನಾದರೂ ಬದಲಾಯಿಸದೆ ಬೇರೆ ದಾರಿ ಇಲ್ಲ. ಸರ್ವರಿನಲ್ಲೂ ಆಫ್ ಮಾಡಬೇಕೆಂದರೆ ಇದು:

```
sudo ethtool -A eth0 autoneg off rx off tx off
```

ಸರ್ವರ್ ರೀಸ್ಟಾರ್ಟ್ ಆದರೆ ಇದು ಅಳಿದುಹೋಗುತ್ತದೆ, ಮತ್ತೆ ಕೊಡಬೇಕು. ವಿಂಡೋಸ್‌ನಲ್ಲಾದರೆ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ `Advanced` ಒತ್ತಿ, `Flow Control` ಅನ್ನು `Disabled` ಮಾಡಿ.

ಅಪ್‌ಲಿಂಕಿನಲ್ಲಿ ಆಫ್ ಮಾಡಿದ ಮೇಲೆ ಬ್ಯಾಕಪ್ ಹಾಕಿ ನೋಡಿದೆವು. ಡಿಸೈನರ್‌ಗಳಿಗೆ ಮತ್ತೆ ಸೆಕೆಂಡಿಗೆ 90 ಎಂಬಿ ದಾಟಿತು, ಪಿಂಗ್ ಇಳಿಯಿತು. ಬ್ಯಾಕಪ್ ಮಾತ್ರ ಕುಂಟುತ್ತಲೇ ಇತ್ತು, ಕೆಲವು ಸಲ 11ರಿಂದ 9 ಎಂಬಿಗೂ ಇಳಿಯಿತು. ಇದು ನಿರೀಕ್ಷಿತವೇ. ಈಗ ಆ ಪೋರ್ಟಿನಲ್ಲಿ ಪ್ಯಾಕೆಟ್ ಬೀಳುತ್ತದೆ, ಟಿಸಿಪಿ ಮತ್ತೆ ಕಳಿಸುತ್ತದೆ, ನಷ್ಟ ಅದಕ್ಕೊಂದಕ್ಕೇ. ಆದರೆ ಸ್ಟೋರೇಜಿಗೆಂದೇ ಬೇರೆ ಮಾಡಿಟ್ಟ ನೆಟ್‌ವರ್ಕ್ ಇದ್ದರೆ ಸುಮ್ನೆ ಆಫ್ ಮಾಡಬೇಡಿ, ಅಲ್ಲಿ ಒಂದು ಪ್ಯಾಕೆಟ್ಟೂ ಬೀಳಬಾರದು ಅಂತ ಬೇಕೆಂದೇ ಆನ್ ಇಟ್ಟಿರಬಹುದು.

ಆ ಹಳೇ ಕಂಪ್ಯೂಟರ್ 100ರಲ್ಲೇ ಏಕೆ ಕೂತಿತ್ತು? ಅದರದ್ದು ಗಿಗಾಬಿಟ್ ಕಾರ್ಡೇ. ಸ್ವಿಚ್ಚಿನ ದೀಪ ನೋಡಿದರೆ ಉಳಿದವು ಹಸಿರು, ಇದೊಂದು ಕಿತ್ತಳೆ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಕ್ರಿಂಪ್ ಮಾಡಿದ ತುದಿಯಲ್ಲಿ ನೀಲಿ ತಂತಿ ಒಳಗೆ ತಾಗಿರಲೇ ಇಲ್ಲ. ಹೊಸ ಕನೆಕ್ಟರ್ ಹಾಕಿದ ಮೇಲೆ ದೀಪ ಹಸಿರಾಯಿತು.

ಎಲ್ಲ ಪೋರ್ಟೂ ಗಿಗಾಬಿಟ್‌ನಲ್ಲೇ ಇದ್ದು, ಯಾರೂ ಏನೂ ಕಾಪಿ ಮಾಡದೇ ಇದ್ದರೂ ನೆಟ್‌ವರ್ಕ್ ಪೂರ್ತಿ ನಿಂತರೆ ಅದು ಇದರ ಅಣ್ಣ. ಹ್ಯಾಂಗ್ ಆದ ಟಿವಿಯೋ ಕಂಪ್ಯೂಟರೋ ಬಫರ್ ಖಾಲಿ ಮಾಡಲಾಗದೆ ಒಂದೇ ಸಮನೆ ಪಾಝ್ ಕಳಿಸುತ್ತಿರುತ್ತದೆ. ಸ್ವಿಚ್ಚಿನಿಂದ ಒಂದೊಂದೇ ಕೇಬಲ್ ಕಿತ್ತು, ಪ್ರತಿ ಸಲ ಐದು ಸೆಕೆಂಡ್ ಕಾದು ಪಿಂಗ್ ನೋಡಿ. ಯಾವ ಕೇಬಲ್ ಕಿತ್ತಾಗ ಎಲ್ಲ ಮತ್ತೆ ಓಡುತ್ತದೋ, ಆ ಕೇಬಲ್ಲಿನ ಇನ್ನೊಂದು ತುದಿಗೆ ಹೋಗಿ ಅಲ್ಲಿರುವುದನ್ನು ಆಫ್ ಮಾಡಿ ಆನ್ ಮಾಡಿ.