ಅಡಿಕೆ ಬಟ್ಟಲಿನಿಂದ ಅರ್ಧಾಯುವಿನ ಗ್ರಾಫ್ ಕಲಿಸಿದ ಬಗೆ

ಶಿವಮೊಗ್ಗದ ಫಾರ್ಮಸಿ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಕಲಿಸುವ ನನಗೆ ಪ್ರತಿವರ್ಷ ಒಂದೇ ಸ್ಲೈಡಿನ ಬಳಿ ತರಗತಿ ನಿಂತುಹೋಗುತ್ತಿತ್ತು. ಅಡ್ಡರೇಖೆಯಲ್ಲಿ ಗಂಟೆಗಳು, ಲಂಬರೇಖೆಯಲ್ಲಿ ರಕ್ತದಲ್ಲಿರುವ ಔಷಧದ ಪ್ರಮಾಣ, ನಡುವೆ ಗರಗಸದ ಹಲ್ಲಿನಂತೆ ಏರಿಳಿಯುತ್ತ ಮೇಲೇರಿ, ಕೊನೆಗೆ ಒಂದೇ ಎತ್ತರದಲ್ಲಿ ಏರಿಳಿಯತೊಡಗುವ ಒಂದು ಗೆರೆ. ಪಠ್ಯದ ವ್ಯಾಖ್ಯೆಗಳನ್ನು ತಪ್ಪಿಲ್ಲದೆ ಹೇಳುವ ವಿದ್ಯಾರ್ಥಿಗಳು ಈ ಗೆರೆಯನ್ನು ಓದಬೇಕಾದಾಗ ತಡವರಿಸುತ್ತಿದ್ದರು. ಅವರ ಉತ್ತರಪತ್ರಿಕೆಗಳನ್ನು ಗಮನವಿಟ್ಟು ನೋಡಿದ ಮೇಲೆ, ಎಲ್ಲರೂ ಎರಡೇ ಕಡೆಗಳಲ್ಲಿ ಎಡವುತ್ತಿದ್ದಾರೆಂದು ನನಗೆ ತಿಳಿಯಿತು.

ಮೊದಲನೆಯ ಎಡವು ಒಂದೇ ಡೋಸಿನ ಗೆರೆಯಲ್ಲಿತ್ತು. ನನ್ನ ಸ್ಲೈಡಿನಲ್ಲಿ ಪ್ರಮಾಣವು ಎರಡನೆಯ ಗಂಟೆಗೆ ಲೀಟರಿಗೆ 8 ಮಿಲಿಗ್ರಾಂ, ಆರನೆಯ ಗಂಟೆಗೆ 4, ಹತ್ತನೆಯ ಗಂಟೆಗೆ 2 ಇತ್ತು. ಇಪ್ಪತ್ತನಾಲ್ಕನೆಯ ಗಂಟೆಯ ಹೊತ್ತಿಗೆ ಗೆರೆ ನೆಲಕ್ಕೆ ತಾಗಿದಂತೆ ಕಾಣುತ್ತಿದ್ದುದರಿಂದ, ಹಲವರು ಆ ಇಪ್ಪತ್ತನಾಲ್ಕನ್ನು ಎರಡು ಭಾಗ ಮಾಡಿ ಅರ್ಧಾಯು ಹನ್ನೆರಡು ಗಂಟೆ ಎಂದು ಬರೆಯುತ್ತಿದ್ದರು. ಅರ್ಧಾಯು ಎಂದರೆ ಔಷಧ ಮುಗಿಯುವ ಕಾಲದ ಅರ್ಧವಲ್ಲ. ಆ ಕ್ಷಣದಲ್ಲಿ ಇರುವುದು ಅರ್ಧವಾಗಲು ಬೇಕಾದ ಕಾಲ. ಆದ್ದರಿಂದ ಈಗ ನಾನು ಇಳಿಯುವ ಭಾಗದಲ್ಲಿ ಯಾವುದಾದರೊಂದು ಬಿಂದುವನ್ನು ಹಿಡಿದು, ಅದರ ಅರ್ಧದ ಎತ್ತರಕ್ಕೆ ಗೆರೆ ಎಷ್ಟು ಹೊತ್ತಿನಲ್ಲಿ ಇಳಿಯಿತೆಂದು ನೋಡಲು ಹೇಳುತ್ತೇನೆ. ಎಂಟರಿಂದ ಹಿಡಿದರೂ ನಾಲ್ಕರಿಂದ ಹಿಡಿದರೂ ಉತ್ತರ ನಾಲ್ಕು ಗಂಟೆಯೇ. ಎರಡು ಬಿಂದುಗಳಿಂದ ಎರಡು ಬೇರೆ ಉತ್ತರ ಬಂದರೆ, ಒಂದೋ ಔಷಧವು ಇನ್ನೂ ರಕ್ತದಿಂದ ಅಂಗಾಂಶಗಳಿಗೆ ಹರಡುತ್ತಿರುವ ಆರಂಭದ ಕಡಿದಾದ ಇಳಿತವನ್ನು ಹಿಡಿದಿದ್ದೇವೆ, ಇಲ್ಲವೇ ಆ ಔಷಧಕ್ಕೆ ಈ ಲೆಕ್ಕವೇ ಹೊಂದುವುದಿಲ್ಲ.

ಎರಡನೆಯ ಎಡವು ಹೆಚ್ಚು ಆಳದ್ದು. ಡೋಸಿನ ಮೇಲೆ ಡೋಸ್ ಬೀಳುತ್ತಿರುವಾಗ ಗೆರೆ ಏರುತ್ತಲೇ ಹೋಗದೆ ಒಂದು ಎತ್ತರದಲ್ಲಿ ಏಕೆ ನಿಲ್ಲುತ್ತದೆ ಎಂದು ಕೇಳಿದರೆ, "ರಕ್ತ ತುಂಬಿಹೋಗುತ್ತದೆ ಮೇಡಂ" ಎಂಬ ಉತ್ತರ ಬರುತ್ತಿತ್ತು. ಸೂತ್ರ ಬರೆದು ತೋರಿಸಿದರೆ ಅದನ್ನು ನಕಲು ಮಾಡಿಕೊಳ್ಳುತ್ತಿದ್ದರೇ ಹೊರತು ಆ ನಂಬಿಕೆ ಅಲುಗಾಡುತ್ತಿರಲಿಲ್ಲ. ಹಾಗಾಗಿ ಒಂದು ವರ್ಷ ಕೊಯ್ಲು ಮುಗಿದ ಮೇಲೆ ಮನೆಯಿಂದ ಒಂದು ಚೀಲ ಚಾಲಿ ಅಡಿಕೆ ಮತ್ತು ಒಂದು ಸ್ಟೀಲ್ ಬಟ್ಟಲನ್ನು ತರಗತಿಗೆ ತಂದೆ. ತರಗತಿಯಲ್ಲಿ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಮಕ್ಕಳೇ ಹೆಚ್ಚು. ಅಡಿಕೆ ಎಣಿಸುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿಯಮ ಎರಡೇ. ಪ್ರತಿ ಸುತ್ತಿನಲ್ಲಿ 16 ಅಡಿಕೆ ಹಾಕಬೇಕು, ಅದು ಡೋಸ್. ಮುಂದಿನ ಸುತ್ತಿಗೆ ಮುನ್ನ ಬಟ್ಟಲಲ್ಲಿರುವುದರ ಅರ್ಧವನ್ನು ತೆಗೆಯಬೇಕು, ಅದು ಒಂದು ಅರ್ಧಾಯುವಿನಲ್ಲಿ ದೇಹ ಹೊರಹಾಕುವ ಪಾಲು. ಮೊದಲು 16 ಹಾಕಿದೆವು. ಅರ್ಧ ತೆಗೆದಾಗ 8 ಉಳಿಯಿತು. ಮತ್ತೆ 16 ಸೇರಿ 24, ಅರ್ಧ ತೆಗೆದರೆ 12. ಆಮೇಲೆ 28 ಮತ್ತು 14, ನಂತರ 30 ಮತ್ತು 15. ಒಬ್ಬಳು ಕಪ್ಪುಹಲಗೆಯ ಮೇಲೆ ಎತ್ತರದ ಸಂಖ್ಯೆಗಳನ್ನು ಮೇಲೆ, ಉಳಿದ ಸಂಖ್ಯೆಗಳನ್ನು ಕೆಳಗೆ ಬರೆಯುತ್ತ ಹೋದಳು. ಐದನೆಯ ಸುತ್ತಿನಲ್ಲಿ ಬಟ್ಟಲಲ್ಲಿ 31 ಆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ "ಅಡಕತ್ತರಿ ತರಲಾ ಮೇಡಂ?" ಎಂದ. ಆ ನಗೆಯ ನಡುವೆಯೇ ಹಲಗೆಯತ್ತ ನೋಡಲು ಹೇಳಿದೆ. ಮೊದಲ ಸುತ್ತಿನಲ್ಲಿ ಹೊರಗೆ ಹೋದದ್ದು 8, ಎರಡನೆಯದರಲ್ಲಿ 12, ಆಮೇಲೆ 14, ಆಮೇಲೆ 15. ಒಳಗೆ ಬರುತ್ತಿರುವುದು ಮಾತ್ರ ಎಂದೆಂದಿಗೂ 16. ಬಟ್ಟಲು ತುಂಬಿದ್ದರಿಂದ ಏರಿಕೆ ನಿಂತದ್ದಲ್ಲ. ಹೆಚ್ಚು ಇದ್ದಷ್ಟೂ ಹೆಚ್ಚು ಹೊರಹೋಗುವುದರಿಂದ, ಹೋಗುವುದು ಬರುವುದಕ್ಕೆ ಸಮನಾಗುತ್ತ ಬಂದದ್ದು. ಎತ್ತರ 32ನ್ನೂ ತಗ್ಗು 16ನ್ನೂ ಸಮೀಪಿಸುವ ಈ ಸಮತೋಲವನ್ನೇ ಸ್ಥಿರಸ್ಥಿತಿ, ನಮ್ಮ ತರಗತಿಯ ಮಾತಿನಲ್ಲಿ ಸ್ಟೆಡಿ ಸ್ಟೇಟ್, ಎನ್ನುವುದು.

ಡೋಸನ್ನು ಇಮ್ಮಡಿ ಮಾಡಿದರೆ ಬೇಗ ತಲುಪುವುದಿಲ್ಲವೇ ಎಂದು ಅಡಕತ್ತರಿಯ ಹುಡುಗನೇ ಕೇಳಿದ. ಅವನ ಕೈಯಲ್ಲೇ 32 ಅಡಿಕೆ ಕೊಟ್ಟು ಆಟವನ್ನು ಮತ್ತೆ ಆಡಿಸಿದೆ. 32, 48, 56, 60 ಬಂದವು. ಸುತ್ತುಗಳು ಕಡಿಮೆಯಾಗಲಿಲ್ಲ, ಗುರಿಯೇ 64ಕ್ಕೆ ಏರಿತು. ಮೂರನೆಯ ಸುತ್ತಿನ ಹೊತ್ತಿಗೆ ಎರಡೂ ಆಟಗಳು ತಂತಮ್ಮ ಗುರಿಯ ಎಂಟರಲ್ಲಿ ಏಳು ಪಾಲು ತಲುಪಿದ್ದವು. ಎಷ್ಟು ಕಾಲ ಬೇಕೆಂಬುದನ್ನು ಅರ್ಧಾಯುವೊಂದೇ ನಿರ್ಧರಿಸುತ್ತದೆ: ಒಂದು ಅರ್ಧಾಯುವಿಗೆ ಶೇಕಡಾ 50, ಎರಡಕ್ಕೆ 75, ಮೂರಕ್ಕೆ 87.5, ಐದಕ್ಕೆ ಸುಮಾರು 97. ನಿಜಕ್ಕೂ ಬೇಗ ತಲುಪಬೇಕಿದ್ದರೆ ಮೊದಲ ಸಲ ಮಾತ್ರ 32 ಹಾಕಿ, ಆಮೇಲೆ 16ರಂತೆ ಮುಂದುವರಿಯಬೇಕು. ಆಗ ಅರ್ಧ ಹೋಗಿ ಉಳಿದ 16ಕ್ಕೆ 16 ಸೇರಿ ಮೊದಲ ಸುತ್ತಿನಿಂದಲೇ 32 ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಲೋಡಿಂಗ್ ಡೋಸ್ ಎಂದು ಕೊಡುವುದು ಇದನ್ನೇ.

ಬಟ್ಟಲಿನ ಆಟದಲ್ಲಿ ಡೋಸಿನ ಅಂತರ ಅರ್ಧಾಯುವಿಗೆ ಸರಿಸಮವಾಗಿತ್ತು. ಅಂತರ ಬದಲಾದರೆ ಏನಾಗುತ್ತದೆಂಬುದು ಅಡಿಕೆಯಿಂದ ಹೇಳಲು ಕಷ್ಟ, ಏಕೆಂದರೆ ದೇಹವು ಔಷಧವನ್ನು ಕ್ಷಣಕ್ಷಣವೂ ಹೊರಹಾಕುತ್ತಿರುತ್ತದೆ, ನಾವು ಮಾತ್ರ ಸುತ್ತಿಗೊಮ್ಮೆ ಎಣಿಸುತ್ತಿದ್ದೆವು. ಇಲ್ಲಿಂದ ಮುಂದೆ ಸ್ಲೈಡಿಗೇ ಮರಳುತ್ತೇನೆ. ಅದೇ 16ನ್ನು ಎರಡು ಪಾಲು ಮಾಡಿ ಅರ್ಧ ಅರ್ಧಾಯುವಿಗೊಮ್ಮೆ 8ರಂತೆ ಕೊಟ್ಟರೆ ಎತ್ತರ ಸುಮಾರು 27, ತಗ್ಗು ಸುಮಾರು 19 ಆಗುತ್ತದೆ. ಎರಡು ಅರ್ಧಾಯುವಿಗೊಮ್ಮೆ 32ರಂತೆ ಕೊಟ್ಟರೆ ಎತ್ತರ ಸುಮಾರು 43, ತಗ್ಗು ಸುಮಾರು 11. ಎರಡರಲ್ಲೂ ಸರಾಸರಿ 23ರ ಆಸುಪಾಸಿನಲ್ಲೇ ಇದೆ. ಅಂತರವು ಹಲ್ಲಿನ ಚೂಪನ್ನು ಬದಲಿಸುತ್ತದೆ, ಸರಾಸರಿಯನ್ನಲ್ಲ. ಪ್ಯಾರಾಸಿಟಮಾಲ್‌ನ ಅರ್ಧಾಯು ಎರಡರಿಂದ ಮೂರು ಗಂಟೆ. ಆರು ಗಂಟೆಗೊಮ್ಮೆ ನುಂಗಿದರೆ ಮುಂದಿನ ಮಾತ್ರೆಯ ಹೊತ್ತಿಗೆ ಹಿಂದಿನದು ಎಂಟನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನಷ್ಟೇ ಉಳಿದಿರುತ್ತದೆ. ಅದರ ಗೆರೆಯಲ್ಲಿ ಹಲ್ಲು ಉಂಟು, ಏರಿಕೆ ಬಹಳ ಕಡಿಮೆ.

ಏರಿಕೆಯೇ ಮುಖ್ಯವಾಗುವ ಔಷಧವೆಂದು ನಾನು ಹೃದಯದ ತೊಂದರೆಗೆ ಕೊಡುವ ಡಿಗಾಕ್ಸಿನ್ ಅನ್ನು ಆರಿಸಿಕೊಳ್ಳುತ್ತೇನೆ. ಮೂತ್ರಪಿಂಡ ಚೆನ್ನಾಗಿದ್ದಾಗ ಅದರ ಅರ್ಧಾಯು ಒಂದೂವರೆಯಿಂದ ಎರಡು ದಿನ. ಅದು ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ, ಮೂತ್ರಪಿಂಡ ದುರ್ಬಲವಾದರೆ ಅರ್ಧಾಯು ನಾಲ್ಕು ದಿನಕ್ಕೂ ಹಿಗ್ಗಬಹುದು. ಎರಡು ದಿನದ ಅರ್ಧಾಯುವಿನಲ್ಲಿ ದಿನಕ್ಕೊಂದು ಮಾತ್ರೆ ನುಂಗುವವರ ಮೈಯಲ್ಲಿ ಸ್ಥಿರಸ್ಥಿತಿಯಲ್ಲಿ ಸರಾಸರಿ ಸುಮಾರು ಮೂರು ದಿನದ ಮಾತ್ರೆಯಿಂದ ಹೀರಿಕೊಂಡ ಔಷಧ ಇರುತ್ತದೆ. ನಾಲ್ಕು ದಿನದ ಅರ್ಧಾಯುವಾದರೆ ಆರು ದಿನದ್ದರ ಹತ್ತಿರಕ್ಕೆ ಬರುತ್ತದೆ. ಮಾತ್ರೆ ಒಂದೇ, ಸಂಗ್ರಹ ಇಮ್ಮಡಿ.

ತರಗತಿಯಲ್ಲಿ ಬಿಡಿಸುವ ಪ್ರಸಂಗ ಹೀಗಿದೆ. ಮೂತ್ರಪಿಂಡ ಕುಗ್ಗಿರುವ, ಹೃದಯ ದೌರ್ಬಲ್ಯದ ಎಪ್ಪತ್ತೆರಡರ ಅಜ್ಜಿಯೊಬ್ಬರಿಗೆ ಲೋಡಿಂಗ್ ಡೋಸ್ ಇಲ್ಲದೆ ದಿನಕ್ಕೆ 0.125 ಮಿಲಿಗ್ರಾಂ ಡಿಗಾಕ್ಸಿನ್ ಆರಂಭಿಸಿದ್ದಾರೆ. ಮೂರು ಮಾತ್ರೆ ನುಂಗಿ, ನಾಲ್ಕನೆಯದಕ್ಕೆ ಸ್ವಲ್ಪ ಮುಂಚೆ ರಕ್ತ ತೆಗೆದರೆ ಮಿಲಿಲೀಟರಿಗೆ 0.6 ನ್ಯಾನೋಗ್ರಾಂ ಬಂದಿದೆ. ಹೃದಯ ದೌರ್ಬಲ್ಯದಲ್ಲಿ 0.5ರಿಂದ 0.9 ಇರಲೆಂದು ಬಯಸುವುದರಿಂದ ಎಲ್ಲರೂ "ಸರಿಯಾಗಿದೆ" ಎಂದು ಬರೆಯುತ್ತಾರೆ. ಸಂಖ್ಯೆ ಸರಿಯೇ, ದಿನ ತಪ್ಪು. ಅರ್ಧಾಯು ನಾಲ್ಕು ದಿನವೆಂದು ಹಿಡಿದರೆ ಮೂರು ದಿನಕ್ಕೆ ಗೆರೆಯು ತನ್ನ ಕೊನೆಯ ಎತ್ತರದ ಶೇಕಡಾ 40ರಷ್ಟು ಮಾತ್ರ ಏರಿರುತ್ತದೆ. 0.6ನ್ನು 0.4ರಿಂದ ಭಾಗಿಸಿದರೆ 1.5. ಅಂದರೆ ಡೋಸನ್ನು ಯಾರೂ ಮುಟ್ಟದಿದ್ದರೂ ಆ ಪ್ರಮಾಣ ಇನ್ನೂ ಎರಡು ವಾರಕ್ಕೂ ಹೆಚ್ಚು ಕಾಲ ಸದ್ದಿಲ್ಲದೆ ಏರಿ 1.5ರ ಬಳಿ ನಿಲ್ಲುತ್ತದೆ. ಅಷ್ಟರಲ್ಲಿ ಅಜ್ಜಿ ಊರಿಗೆ ಹೋಗಿರುತ್ತಾರೆ. ಊಟ ಸೇರದಿರುವುದು, ಓಕರಿಕೆ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುವುದು ಶುರುವಾದರೆ, ಮೂರು ವಾರದ ಹಿಂದೆ ಆರಂಭಿಸಿದ ಮಾತ್ರೆಯನ್ನು ಮನೆಯವರು ನೆನೆಯುವುದು ಕಡಿಮೆ. ಹೊಟ್ಟೆ ಕೆಟ್ಟಿದೆ ಎಂದುಕೊಳ್ಳುವುದೇ ಹೆಚ್ಚು.

ಇದಕ್ಕೆ ಪರಿಹಾರವನ್ನೂ ಅದೇ ಗ್ರಾಫಿನಿಂದ ಓದಬಹುದು. ಅದೇ ಮಾತ್ರೆಯನ್ನು ದಿನ ಬಿಟ್ಟು ದಿನ ಕೊಟ್ಟರೆ ಸರಾಸರಿ ಅರ್ಧವಾಗಿ, ಮುಂದಿನ ಮಾತ್ರೆಗೆ ಮುಂಚಿನ ಪ್ರಮಾಣ 0.7ರ ಆಸುಪಾಸಿಗೆ ಬರುತ್ತದೆ. ಎರಡು ದಿನದ ಅಂತರವು ನಾಲ್ಕು ದಿನದ ಅರ್ಧಾಯುವಿನ ಅರ್ಧವಷ್ಟೇ ಆದ್ದರಿಂದ ಎತ್ತರ ತಗ್ಗುಗಳ ವ್ಯತ್ಯಾಸವೂ ಮಿತಿ ಮೀರುವುದಿಲ್ಲ. ಪ್ಯಾರಾಸಿಟಮಾಲ್ ಅನ್ನು ದಿನ ಬಿಟ್ಟು ದಿನ ಕೊಟ್ಟರೆ ಏನಾಗುತ್ತದೆಂದು ಪಕ್ಕದಲ್ಲೇ ಕೇಳಿದರೆ ಅಂತರ ಮತ್ತು ಅರ್ಧಾಯುವಿನ ನಂಟು ತಾನಾಗಿ ತಿಳಿಯುತ್ತದೆ. ಡಿಗಾಕ್ಸಿನ್ ಪರೀಕ್ಷೆಗೆ ಮಾತ್ರೆ ನುಂಗಿ ಕನಿಷ್ಠ ಆರು ಗಂಟೆಯಾದ ಮೇಲೆಯೇ ರಕ್ತ ತೆಗೆಯಬೇಕು. ಅದಕ್ಕೆ ಮುಂಚೆ ಔಷಧವು ರಕ್ತದಿಂದ ಹೃದಯದ ಸ್ನಾಯುಗಳಿಗೆ ಹಂಚಿಹೋಗಿರುವುದಿಲ್ಲವಾದ್ದರಿಂದ ಪ್ರಮಾಣ ಸುಳ್ಳಾಗಿ ಹೆಚ್ಚು ತೋರುತ್ತದೆ.

ಬಟ್ಟಲಿನ ಆಟ ಎಲ್ಲ ಔಷಧಗಳಿಗೂ ಹೊಂದುತ್ತದೆಂದು ಯಾರಾದರೂ ತಿಳಿದುಕೊಂಡರೆ ಅಪಾಯ. ಆದ್ದರಿಂದ ಕೊನೆಗೆ ನಿಯಮವನ್ನು ಬದಲಿಸುತ್ತೇನೆ: ಅರ್ಧ ತೆಗೆಯಬೇಡಿ, ಎಷ್ಟಿದ್ದರೂ ಪ್ರತಿ ಸುತ್ತಿಗೆ 12 ಮಾತ್ರ ತೆಗೆಯಿರಿ. 16 ಬರುತ್ತದೆ, 12 ಹೋಗುತ್ತದೆ, ಸುತ್ತಿಗೆ ನಾಲ್ಕರಂತೆ ಬಟ್ಟಲು ತುಂಬಿ ಮೇಜಿನ ಮೇಲೆ ಅಡಿಕೆ ಉರುಳುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ಚಿಕಿತ್ಸೆಯ ಪ್ರಮಾಣದಲ್ಲೇ ಈ ಸ್ಥಿತಿಯತ್ತ ವಾಲುತ್ತದೆ, ಏಕೆಂದರೆ ಅದನ್ನು ಒಡೆಯುವ ಯಕೃತ್ತಿನ ಕಿಣ್ವಗಳ ಸಾಮರ್ಥ್ಯಕ್ಕೆ ಮಿತಿಯಿದೆ. ಅಲ್ಲಿ ಅರ್ಧಾಯು ಎಂಬ ಒಂದು ನಿಗದಿತ ಸಂಖ್ಯೆಯೇ ಇರುವುದಿಲ್ಲ. ಡೋಸನ್ನು ತುಸು ಏರಿಸಿದರೂ ರಕ್ತದ ಪ್ರಮಾಣ ಹಲವು ಪಟ್ಟು ನೆಗೆಯಬಹುದು. ನನ್ನ ಹಳೆಯ ಸ್ಲೈಡಿನ ಅಡ್ಡರೇಖೆಯಲ್ಲಿ ಗಂಟೆಗಳಿದ್ದ ಕಡೆ ಈಗ ಅರ್ಧಾಯುಗಳನ್ನು ಗುರುತಿಸಿದ್ದೇನೆ. ಅದರ ಕೆಳಗೆ ಫೆನಿಟೋಯಿನ್‌ಗೆ ಈ ಚಿತ್ರ ಸಲ್ಲದು ಎಂದು ಕೆಂಪು ಅಕ್ಷರದಲ್ಲಿ ಬರೆದಿದ್ದೇನೆ.